ಪಾಲಮ್ಮನ ಅಂಗಡಿಗೆ ನಿನ್ನ ಸೀರೆ

ನನ್ನ ಅವ್ವನಿಗೆ,

ಪೂರ್ತಿ ಓದುವವರೆಗೂ ಬೈಯಬೇಡ. ನಿನ್ನ ಕೊನೆಯ ಸೀರೆಯನ್ನು ಟ್ರಂಕಿನಿಂದ ಹೊರಗೆ ತೆಗೆದಿದ್ದೇನೆ. ನೇಯ್ದು ಮುಗಿಸಿ, ಸೆರಗಿನ ತುದಿಯ ಎಳೆಗಳನ್ನು ಕಟ್ಟುವ ಮೊದಲೇ ನೀನು ನಮ್ಮನ್ನು ಬಿಟ್ಟು ಹೊರಟುಹೋದೆಯಲ್ಲ, ಆ ಕಡುಗೆಂಪು ಸೀರೆ. ಅದನ್ನು ಯಾರಿಗೂ ಮುಟ್ಟಲು ಬಿಡದವಳು ನಾನು. ಈಗ ಕೊಟ್ಟೆ. ಯಾರಿಗೆ ಅಂತೀಯಾ?

ದೇವಸಮುದ್ರದ ಪಾಲಮ್ಮ ನೆನಪಿದ್ದಾಳಾ? ಕುರಿ ಕಾಯುವ ಮನೆಯವಳು, ನನ್ನ ಗೆಳತಿ. ಮೊಳಕಾಲ್ಮೂರಿನ ನಮ್ಮ ಮನೆಗೆ ಬಂದು, ನಿನ್ನ ಮಗ್ಗದ ಪಕ್ಕ ಕೂತು ಕುಚ್ಚು ಕಟ್ಟಲು ಕಲಿತವಳು. ಈಗ ಚಳ್ಳಕೆರೆಯಲ್ಲಿ, ನನ್ನ ಗಂಡನ ಮನೆಯ ಹಿಂದಿನ ಬೀದಿಯಲ್ಲೇ, ಸೀರೆಗೆ ಫಾಲ್ ಹೊಲಿದು ಕುಚ್ಚು ಕಟ್ಟುವ ಅಂಗಡಿ ಇಟ್ಟಿದ್ದಾಳೆ. ಒಂದು ಹೊಲಿಗೆ ಮಿಷನ್, ಒಂದು ಚಾಪೆ ಹಾಸಿದರೆ ತುಂಬಿಹೋಗುವಷ್ಟು ಜಾಗ. ಆದರೂ ಅವಳದೇ ಅಂಗಡಿ, ಅವ್ವಾ!

ಅಂಗಡಿ ಪೂಜೆಯ ದಿನ ಜನವೋ ಜನ. ಕೇಸರಿಬಾತ್ ತಿಂದರು, "ಒಳ್ಳೇದಾಗ್ಲಿ" ಅಂದರು, ಹೋದರು. ಉಡುಗೊರೆಗೆ ಬಂದ ಗಡಿಯಾರಗಳನ್ನು ನೇತುಹಾಕಲು ಗೋಡೆ ಸಾಲಲಿಲ್ಲ. ಅದರಲ್ಲೊಂದು ನನ್ನದೇ. "ದೊಡ್ಡ ಶೋರೂಮ್ ಆಗ್ಲಿ ಕಣೇ" ಅಂದೆ. ಅವಳು ಹೂಂ ಅಂದು ತಟ್ಟೆ ಎತ್ತಲು ಹೋದಳು. ಶೋರೂಮ್ ಬೇಕು ಅಂತ ಅವಳು ನನ್ನ ಹತ್ತಿರ ಯಾವತ್ತು ಹೇಳಿದ್ದಳು?

ಮುಂದಿನ ವಾರ ಅವಳ ಫೋನ್ ಬಂತು. "ಅಂಗಡಿ ಮಾಲೀಕ್ರಿಗೆ ಬೀಗದ ಕೈ ವಾಪಸ್ ಕೊಟ್ಬಿಡ್ತೀನಿ ಕಣೇ. ನೈಲಾನ್ ಸೀರೆ ಆದ್ರೆ ಕೊಡ್ತಾರೆ. ರೇಷ್ಮೆ ಸೀರೆ ತಂದೋರು ನನ್ನ ಕೈ ನೋಡಿ, ಹಂಗೇ ಮಡಚ್ಕೊಂಡು ಹೋಗ್ತಾರೆ."

ಅವಳ ಕೈ ನಿನಗೆ ಗೊತ್ತಲ್ಲ, ಹಗ್ಗ ಹೊಸೆದು ಒರಟಾದ ಕೈ. ಬೆರಳಿಗೆ ಎಳೆ ಸಿಕ್ಕಿ ಕಿತ್ತುಬಂದೀತು ಅಂತ ಜನಕ್ಕೆ ಭಯ. ನಾನು ಏನಂದೆ ಗೊತ್ತಾ? "ಧೈರ್ಯವಾಗಿರು, ಎಲ್ಲಾ ಸರಿಹೋಗುತ್ತೆ."

"ಅದನ್ನ ಗಣಪತಿ ಫೋಟೋ ಹಾಕಿ ಊರೋರೆಲ್ಲ ವಾಟ್ಸಾಪಲ್ಲಿ ಕಳ್ಸವ್ರೆ. ನೀನೂ ಅದನ್ನೇ ಓದ್ತೀಯಾ?" ಅಂದು ಫೋನ್ ಕಟ್ ಮಾಡಿದಳು. ನನಗೂ ಸಿಟ್ಟು ಬಂತು. ಒಳ್ಳೆಯದು ಹೇಳಿದರೂ ತಪ್ಪಾ?

ಆಗ ಮೊಳಕಾಲ್ಮೂರಿನಲ್ಲಿ ನಮ್ಮ ಪಕ್ಕದ ಮನೆಯ ಗೌರಕ್ಕ ಸ್ವಂತ ಮಗ್ಗ ಹಾಕಿದ್ದು ನೆನಪಾಯಿತು. ಎಲ್ಲರೂ ಹರಸುತ್ತಿದ್ದರು. ನೀನು ಮಾತ್ರ ಅವಳು ನೇಯ್ದ ಬಟ್ಟೆಯನ್ನು ಬೆಳಕಿಗೆ ಹಿಡಿದೆ. "ಅಂಚು ಎಲ್ಲೂ ಒಳಕ್ಕೆ ಎಳೆದಿಲ್ಲ ಗೌರಿ, ನನಗೆ ಇದು ಬರೋಕೆ ಬಾಳ ದಿನ ಹಿಡೀತು. ಸೆರಗಿನ ಹತ್ರ ಮಾತ್ರ ನೇಯ್ಗೆ ಸಡ್ಲ ಐತೆ. ನಾಳೆ ಬಂದು ಕೂರ್ತೀನಿ" ಅಂದೆ. ಮಾರನೇ ದಿನ ಹೋಗಿ ಕೂತೆ ಕೂಡ. ಎಂಥ ಹೆಂಗಸು ನೀನು! ನೀನು ಬರೀ ಬಾಯಿಮಾತಿಗೆ ಹರಸಿದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಪಾಲಮ್ಮ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ನಿನ್ನ ಸೀರೆ ಹಿಡಿದು ನಿಂತಿದ್ದೆ. "ಬೋಣಿಗೆ ನಂದು. ಕುಚ್ಚು ಕಟ್ಟು."

"ಅಮ್ಮೋ! ಅವ್ವನ ಸೀರೆನಾ? ಕೆಟ್ಟೋದ್ರೆ?"

"ಕೆಡಲ್ಲ. ನೀನು ಕಟ್ಟಿದ ಗಂಟನ್ನ ಅವ್ವ ಎಳ್ದು ಎಳ್ದು ನೋಡಿದ್ಲು, ಬಿಚ್ಚಲಿಲ್ಲ. ನಾನು ಕಟ್ಟಿದ್ದು ಅಲ್ಲೇ ಬಿಚ್ಕೊಂತು. ಹಗ್ಗ ಹೊಸೆದ ಕೈಗೆ ಎಷ್ಟು ಬಿಗಿ ಸಾಕು ಅಂತ ಗೊತ್ತೈತೆ ಅಂದಿದ್ಲು. ಒಂದೇ ಮಾತು ಕೇಳು, ಒಳಗೆ ಗೋಡೆಗೆ ಮುಖ ಹಾಕ್ಕೊಂಡು ಕೂರಬ್ಯಾಡ. ಬಾಗಿಲಲ್ಲಿ ಕೂತು ಕಟ್ಟು. ಜನ ಕೈ ನೋಡಿದ್ದು ಸಾಕು, ಕೆಲಸ ನೋಡ್ಲಿ."

ಎಳೆ ಸಿಕ್ಕದಿರಲಿ ಅಂತ ನೀನು ಹೇಳಿಕೊಟ್ಟ ಹಾಗೆ ಅವಳು ಬೆರಳಿಗೆ ಪೌಡರ್ ಉಜ್ಜಿಕೊಂಡು ಬಾಗಿಲಿಗೆ ಬಂದಳು. ಎಳೆಗಳನ್ನು ಬಾಚಿ, ಒಂದೇ ದಪ್ಪಕ್ಕೆ ಪಾಲು ಮಾಡಿ, ಹೊಸೆದು, ಸೆರಗಿನ ಅಂಚಿಗೆ ತಾಗುವಂತೆ ಗಂಟು ಕೂರಿಸಿದಳು. ಜಾಸ್ತಿ ಎಳೆದರೆ ಸೆರಗು ಸುಕ್ಕಾಗುತ್ತದೆ, ಸಡಿಲ ಬಿಟ್ಟರೆ ನೇಯ್ಗೆ ಜಾರುತ್ತದೆ. ಎರಡೂ ಆಗಲಿಲ್ಲ. ನಾನು ಪಕ್ಕದಲ್ಲಿ ಕೂತು ಎಳೆ ಹಿಡಿದುಕೊಟ್ಟೆ. ಒಂದು ಎಳೆಯೂ ಕಿತ್ತುಬರಲಿಲ್ಲ, ಅವ್ವಾ. ನನಗೆ ಅಳು ಬಂತು. ಮೂಗು ಒರೆಸಿಕೊಂಡರೆ, "ಸೀರೆಗೆ ಬಿದ್ದೀತು, ಆ ಕಡೆ ಸರಿ" ಅಂತ ಬೈದಳು.

ನಿನಗೆ ಗೊತ್ತಿಲ್ಲದ ಸುದ್ದಿ ಈಗ. ಅವತ್ತೇ ಮಧ್ಯಾಹ್ನ ಮದುವೆ ಮನೆಯ ಹೆಂಗಸೊಬ್ಬರು ನಿಂತು ನೋಡಿ, ಸಂಜೆ ತಮ್ಮ ರೇಷ್ಮೆ ಸೀರೆಗಳನ್ನೇ ತಂದುಕೊಟ್ಟರು. ನಿನ್ನ ಸೀರೆ ಇನ್ನೂ ಪಾಲಮ್ಮನ ಬಾಗಿಲಲ್ಲೇ ನೇತಾಡುತ್ತಿದೆ. ವಾಪಸ್ ಕೊಡು ಅಂದರೆ, "ಇನ್ನೊಂದು ವಾರ ಇರ್ಲಿ ಕಣೇ" ಅನ್ನುತ್ತಾಳೆ. ದೀಪಾವಳಿಗೆ ಉಟ್ಟುಕೊಂಡೇ ತೀರುತ್ತೇನೆ, ಇದು ನಿನಗೆ ಕೊಟ್ಟ ಮಾತು. ನಿನ್ನೆ ಯಾರೋ ಸೆರಗು ಮುಟ್ಟಿ, "ಯಾರಮ್ಮ ಕಟ್ಟಿದ್ದು?" ಅಂತ ಕೇಳಿದರು. ನಾನು ಬಾಯಿ ತೆಗೆಯುವಷ್ಟರಲ್ಲಿ ಪಾಲಮ್ಮ ಆ ಒರಟು ಕೈ ಎತ್ತಿ ತೋರಿಸಿ, "ನಾನೇ ರೀ, ಎಳ್ದು ನೋಡ್ರಿ" ಅಂದಳು.

ನಿನ್ನ ಮಗಳು