ಗುಲಾಬಿ ಬತ್ತಿಯ ವಾರ

ರಾಮಮೂರ್ತಿ ನಗರ
೨೨ ಡಿಸೆಂಬರ್ ೨೦೨೫

ಪ್ರೀತಿಯ ನಾಜಿಶ್,

ಹೇಗಿದ್ದೀಯ? ಮಹೀನ್‌ಗೆ ಜ್ವರ ಬಿಟ್ಟಿತೇ? ಉತ್ತರ ತಡವಾಯಿತು, ಬೇಜಾರಾಗಬೇಡ. ಫೋನಿನಲ್ಲಿ ಹೇಳೋಣವೆಂದರೆ ಸೆಲಿನ್ ಪಕ್ಕದಲ್ಲೇ ಇರುತ್ತಾಳೆ.

ಶಿವಾಜಿನಗರದ ನಮ್ಮ ಮನೆಯಲ್ಲಿ ಕ್ರಿಸ್ಮಸ್ಸಿಗೆ ಮುಂಚೆ ಹಸಿರೆಲೆ ಸುತ್ತಿದ ದೊಡ್ಡ ಬಳೆಯಲ್ಲಿ ನಾಲ್ಕು ಮೇಣದಬತ್ತಿ ಇಡುತ್ತಿದ್ದದ್ದು ನಿನಗೆ ನೆನಪಿರಬೇಕು. ಮೂರು ನೇರಳೆ, ಒಂದು ಗುಲಾಬಿ. ಪ್ರತಿ ಭಾನುವಾರ ಒಂದೊಂದು ಹೆಚ್ಚಾಗಿ ಹಚ್ಚಿ, ಜಪ ಹೇಳಿ, ಹಾಡಿ, ಆಮೇಲೆ ಊಟ. ಈ ಸಲವೂ ಮೊದಲ ವಾರ ನಮ್ಮವರು ಬಳೆಗೆ ತೀರ್ಥ ಚಿಮುಕಿಸಿದರು. ಮನೆಗೆ ಚಿಕ್ಕವಳೆಂದು ಮಗಳು ಸೆಲಿನ್ ಹಚ್ಚಿ, "ಪ್ರಭುವೇ, ಬನ್ನಿ, ನಮ್ಮನ್ನು ಕಾಪಾಡಿ" ಎಂದು ಬೀದಿಗೆ ಕೇಳುವಂತೆ ಓದಿದಳು.

ಎರಡನೇ ವಾರ ಅತ್ತೆಯವರ ಸರದಿ. ಪಕ್ಕದ ಮನೆಯ ಅಂಬುಜಾ ಅವರ ಮಗಳು ಇಂಚರಾ ನೋಡಲು ಬಂದು ಕೂತಿದ್ದಳು. ಮರುದಿನ ಯಾರೋ ಇಬ್ಬರು ಬೈಕಿನಲ್ಲಿ ಬಂದು, ಇಲ್ಲಿ ಯಾರ ಮಕ್ಕಳನ್ನು ಕರೆದು ಪ್ರಾರ್ಥನೆ ಮಾಡಿಸುತ್ತಾರೆಂದು ಮನೆ ಮಾಲೀಕರಾದ ಕೃಷ್ಣಸ್ವಾಮಿಯವರನ್ನು ಕೇಳಿದರಂತೆ. ಅವರು ನಮ್ಮ ಬಾಗಿಲಲ್ಲೇ ನಿಂತು ಹೇಳಿದರು: "ನಿಮ್ ಜಪಕ್ಕೆ ನಂದೇನೂ ಅಡ್ಡಿ ಇಲ್ಲಮ್ಮ. ಆದ್ರೆ ಕಿಟಕಿಯಿಂದ ವಿಡಿಯೋ ತೆಗ್ದಿದಾರಂತೆ. ಹುಷಾರಾಗಿರಿ."

ಆಮೇಲೆ ನಿದ್ದೆಯೇ ಇಲ್ಲ, ನಾಜಿಶ್. ಯಾವ ಬೈಕು ಗೇಟಿನ ಹತ್ತಿರ ನಿಧಾನವಾದರೂ ಎದ್ದು ಹೋಗಿ ಬಾಗಿಲ ಚಿಲಕ ನೋಡಿ ಬರುತ್ತಿದ್ದೆ.

ಮೂರನೆಯದು ಗುಲಾಬಿ ಬತ್ತಿ, ತಾಯಿಯ ಸರದಿ, ಅಂದರೆ ನನ್ನದು. ಆ ಭಾನುವಾರದ ಜಪವೇ ಆನಂದಪಡಿ ಎನ್ನುತ್ತದೆ. ಬಳೆಯನ್ನು ಅಡುಗೆಮನೆಗೆ ತಂದು, ಕಿಟಕಿಗೆ ಪೇಪರ್ ಅಂಟಿಸಿ, ಹಿಂದಿನೆರಡು ನೇರಳೆಯ ಜೊತೆಗೆ ಗುಲಾಬಿಯನ್ನೂ ಹಚ್ಚಿ ಜಪವನ್ನು ಪಿಸುಗುಟ್ಟಿದೆ. ಸೆಲಿನ್ ಎಂದಿನ ಹಾಗೆ ಗಟ್ಟಿಯಾಗಿ ಹಾಡು ಎತ್ತಿಕೊಂಡಳು. ಆಗಲೇ ಗೇಟಿನಲ್ಲಿ ಬೈಕು ನಿಂತಿತು. ನಾನು ಬತ್ತಿಗಳನ್ನು ಊದಿ, ಅವಳ ಬಾಯಿಯನ್ನು ಅಂಗೈಯಿಂದ ಒತ್ತಿ ಹಿಡಿದೆ. ಬಂದದ್ದು ಮಹಡಿ ಮನೆಯವರ ಊಟದ ಪಾರ್ಸೆಲ್.

ನಿನ್ನೆ ನಾಲ್ಕನೆಯದು, ನಮ್ಮವರದು. ಈ ವರ್ಷಕ್ಕೆ ಬೇಡವೆಂದು ನಾನೇ ಅಂದೆ. ಅವರು ಬಳೆಯನ್ನು ಮತ್ತೆ ನಡುಮನೆಯ ಮೇಜಿಗೆ ತಂದಿಟ್ಟರು. "ಬಾಡಿಗೆ ಮನೆ ಆದ್ರೇನು, ನಮ್ಮನೆ ತಾನೇ," ಎಂದರು. ಗೀರಿದ ಎರಡು ಕಡ್ಡಿ ಆರಿಹೋದವು. ನಾಲ್ಕೂ ಉರಿದ ಮೇಲೆ, "ಪ್ರಭುವೇ, ತಡಮಾಡದೆ ಬನ್ನಿ" ಎಂದು ಗಟ್ಟಿಯಾಗಿಯೇ ಹೇಳಿದರು. ಊಟ ಮುಗಿಯುವವರೆಗೂ ಬೀದಿಯ ಸದ್ದಿಗೆ ಕಿವಿಗೊಟ್ಟೇ ಕೂತಿದ್ದೆವು. ಯಾರೂ ಬರಲಿಲ್ಲ. ಇನ್ನು ಹಬ್ಬದ ರಾತ್ರಿ ನಡುವಿನ ಬಿಳಿ ಬತ್ತಿ ಹಚ್ಚಬೇಕು. ಹಚ್ಚುತ್ತೇವೆ. ಭಯ ಮಾತ್ರ ಹೋಗಿಲ್ಲ.

ನಿನ್ನ ಮನೆಮಂದಿಯನ್ನೆಲ್ಲ ದೇವರು ಚೆನ್ನಾಗಿಟ್ಟಿರಲಿ. ಮಹೀನ್‌ಗೆ ನನ್ನ ಮುತ್ತು.

ನಿನ್ನ
ಅಮೃತಾ

ಮರೆತ ಮಾತು: ಮರೆತದ್ದಲ್ಲ, ಬರೆಯಲಾಗಲಿಲ್ಲ. ಚರ್ಚಿನ ನಾಟಕದಲ್ಲಿ ಸೆಲಿನ್ ದೇವದೂತೆ. ಕುರುಬರಿಗೆ "ಹೆದರಬೇಡಿ" ಎನ್ನುವ ಒಂದೇ ಮಾತು. ಇವತ್ತಿನ ಅಭ್ಯಾಸದಲ್ಲಿ ಅವಳ ತುಟಿ ಆಡಿತು, ದನಿ ಹೊರಡಲಿಲ್ಲ. ಸಿಸ್ಟರ್ ಎಷ್ಟು ಕೇಳಿದರೂ ಹೊರಡಲಿಲ್ಲ. ಕೊನೆಗೆ ಅವಳು ನನ್ನ ಕೈಯನ್ನೇ ನೋಡುತ್ತಾ ನಿಂತಳು.