ಅರ್ಧ ಬರೆದ ಕ್ಷಮೆ

ರಾಯಬಾಗ
ಭಾನುವಾರ, ೧೪-೯-೨೦೨೫

ಪ್ರೀತಿಯ ಸಂಜೂ,

ಹೇಗಿದ್ದೀಯಪ್ಪಾ? ಕೋಮಲಳ ಸೊಂಟನೋವು ಇಳಿಯಿತೇ? ಹೆಂಡತಿಯಾದ ಅವಳ ತವರಿನಲ್ಲಿದ್ದೇನೆಂದು ಸಂಕೋಚಪಟ್ಟು ಹಸಿದಿರಬೇಡ, ಅಣ್ಣನ ಹೆಂಡತಿ ನಾನು, ಈ ವೈನಿಯ ಮಾತು ಕೇಳು. ಹೋದ ಬೇಸಿಗೆಯಲ್ಲಿ ನೀನು ಅಣ್ಣನ ಪಾಳಿಯ ಕಾಲುವೆ ನೀರನ್ನು ನಿನ್ನ ದ್ರಾಕ್ಷಿಗೆ ತಿರುಗಿಸಿದೆ, ಅವರ ಕಬ್ಬು ಒಣಗಿತು. ನೀನು ನಿಪ್ಪಾಣಿ ಸೇರಿದೆ, ಅವರು ನಿನ್ನ ಹೆಸರೆತ್ತುವುದನ್ನೇ ಬಿಟ್ಟರು. ನಡುವೆ ನಾನು ಸುಣ್ಣವಾದೆ. ಆದರೆ ಈ ದಿನ ಗೆದ್ದಿದ್ದೇನೆ ಮಾರಾಯಾ, ಹೇಳದಿದ್ದರೆ ಅನ್ನ ಇಳಿಯದು!

ನಮ್ಮ ಅಭ್ಯಾಸ ಮಂಡಳಿಗೆ ಈ ಸಲ ವಿಷಯ ಕ್ಷಮೆ. ಜೈನರು ಒಬ್ಬರಿಗೊಬ್ಬರು ಕ್ಷಮೆ ಕೇಳುವ ಕ್ಷಮಾವಣಿ ಹಬ್ಬ ಈಗಷ್ಟೇ ಮುಗಿದಿತ್ತಲ್ಲ, ಮಂಡಳಿ ನಡೆಸುವ ಶೀತಲ್ ಸರ್ ಅದನ್ನೇ ಹಿಡಿದರು. ಎಲ್ಲ ಧರ್ಮಗಳಿಂದ ವಾಕ್ಯ ಆರಿಸುವ ಕೆಲಸ ನನ್ನ ಕೊರಳಿಗೆ ಬಿತ್ತು. ಯಾವ ಗ್ರಂಥ, ಎಷ್ಟನೆಯ ವಾಕ್ಯ, ಯಾವ ಸಂದರ್ಭ ಎಂದು ಅಡಿಯಲ್ಲಿ ಟಿಪ್ಪಣಿ ಬೇಕು. ಆಯಾ ಧರ್ಮದವರಿಗೆ ತೋರಿಸದೆ ಓದುವಂತಿಲ್ಲ. ಜೈನರು ತಪ್ಪೊಪ್ಪಿಕೊಳ್ಳುವ ಪ್ರತಿಕ್ರಮಣದಲ್ಲಿ ಮೊದಲು ಎಲ್ಲ ಜೀವಿಗಳನ್ನು ತಾವು ಕ್ಷಮಿಸಿ, ಆಮೇಲೆ ತಮಗೆ ಕ್ಷಮೆ ಬೇಡುತ್ತಾರೆ; ಆ ಕ್ರಮವನ್ನು ಬರೆದೆ. ಬೈಬಲ್ಲಿನ ಮತ್ತಾಯ ಹದಿನೆಂಟರಲ್ಲಿ ಪೇತ್ರ, ಏಳು ಸಲ ಕ್ಷಮಿಸಿದರೆ ಸಾಕೇ ಎನ್ನುತ್ತಾನೆ. ಯೇಸುವಿನ ಉತ್ತರ ಕೆಲವು ಅನುವಾದಗಳಲ್ಲಿ ಎಪ್ಪತ್ತೇಳು, ಕೆಲವುಗಳಲ್ಲಿ ಏಳೆಪ್ಪತ್ತು, ಅಂದರೆ ನಾನೂರ ತೊಂಬತ್ತು. ಎಣಿಸಬೇಡ ಎಂಬುದೇ ತಾತ್ಪರ್ಯ ಎಂದು ಟಿಪ್ಪಣಿ ಹಾಕಿದೆ.

ಕುರಾನಿನಲ್ಲಿ ಮಾತ್ರ ಎಡವಿದೆ. ನಲವತ್ತೆರಡನೆಯ ಅಧ್ಯಾಯ, ನಲವತ್ತನೆಯ ವಾಕ್ಯ. ‘ಕ್ಷಮಿಸಿದವನಿಗೆ ದೇವರಲ್ಲಿ ಪ್ರತಿಫಲ’ ಎಂದಷ್ಟೇ ಎತ್ತಿಕೊಂಡಿದ್ದೆ. ನನ್ನ ಟಿಪ್ಪಣಿ ನೋಡಲು ಬಂದ ದಸ್ತಗೀರ ಚಾಚಾ ಚಹಾದ ಬಸಿ ಕೆಳಗಿಟ್ಟು, “ಅಕ್ಕವ್ವಾ, ಅರ್ಧಾನ ಬರದೀಯಲ್ಲ! ಮ್ಯಾಲಿನ ಮಾತು ಎಲ್ಲಿ ಹೋತು?” ಎಂದರು. ಪೂರ್ತಿ ಹೀಗಿದೆ: ಕೇಡಿಗೆ ಅಷ್ಟೇ ಕೇಡು ಪ್ರತಿಫಲ, ಆದರೆ ಕ್ಷಮಿಸಿ ಸರಿಪಡಿಸಿಕೊಂಡವನ ಪ್ರತಿಫಲ ದೇವರ ಹೊಣೆ, ಅನ್ಯಾಯಗಾರರನ್ನು ಆತ ಮೆಚ್ಚುವುದಿಲ್ಲ. ನಾನು ಟಿಪ್ಪಣಿ ತಿದ್ದಿದೆ: ‘ಇಲ್ಲಿ ತಪ್ಪನ್ನು ಮುಚ್ಚಿಲ್ಲ. ತಪ್ಪನ್ನು ತಪ್ಪೆಂದ ಮೇಲೆಯೇ ಕ್ಷಮೆಯ ಮಾತು.’

ಇಂದು ಸಭೆಯಲ್ಲಿ ಅದನ್ನೇ ಓದಿದೆ. ಹಿಂದೆ ಕೂತಿದ್ದ ನಿಮ್ಮಣ್ಣ ಎದ್ದು ನಿಂತರು. ಸಿಟ್ಟಾಗಿ ಹೊರಟೇಬಿಡುತ್ತಾರೆಂದು ನಾನು ಓದು ನಿಲ್ಲಿಸಿದೆ. ಇಷ್ಟು ದಿನ ರಾಜಿಗೆ ಬಂದವರೆಲ್ಲ ‘ಏನೂ ಆಗೇ ಇಲ್ಲಂತ ತಿಳ್ಕೋರಿ’ ಎಂದೇ ಅವರನ್ನು ರೇಗಿಸಿದ್ದರು. ಆದರೆ ನಿಮ್ಮಣ್ಣ, “ಇನ್ನೊಮ್ಮೆ ಓದ,” ಎಂದರು. ಓದಿದೆ. “ತಪ್ಪು ತಪ್ಪ ಐತಿ ಅಂತ ಮೊದಲ ಹೇಳೇತಿ ನೋಡ್ರಿ! ನನಗ ಬೇಕಾಗಿದ್ದು ಇಷ್ಟ. ಸಂಜ್ಯಾ ಮಾಡಿದ್ದು ತಪ್ಪು. ನಾ ಮಾಫ್ ಮಾಡೇನಿ!” ಸಭೆಯೆಲ್ಲ ಚಪ್ಪಾಳೆ. ಶೀತಲ್ ಸರ್ ಕಣ್ಣೊರೆಸಿಕೊಂಡರು, ನಾನಂತೂ ಎಲ್ಲರೆದುರೇ ಅತ್ತುಬಿಟ್ಟೆ.

ಕೋಮಲಳಿಗೆ ಮುದ್ದು, ಬೀಗರಿಗೆ ನಮಸ್ಕಾರ. ನೂರು ಕಾಲ ಬಾಳು ಮಗನೇ.

ನಿನ್ನ ವೈನಿ,
ಅಕ್ಕವ್ವ

ತಾ.ಕ.: ಇದನ್ನು ಅಂಚೆಗೆ ಹಾಕಲು ಹೊರಟಿದ್ದೆ, ನಿಮ್ಮಣ್ಣ ಕಸಿದುಕೊಂಡರು. “ಮಾಫ್ ಮಾಡಿದ್ದಾತು, ಸರಿಪಡಿಸೋದು ಟಪಾಲದಾಗ ಆಗಂಗಿಲ್ಲ,” ಎಂದು ತಾವೇ ಒಯ್ಯಲು ಬಸ್ಸಿಗೆ ಹೊರಟು ನಿಂತಿದ್ದಾರೆ. ಈ ಪತ್ರ ನಿನ್ನ ಕೈಗೆ ಕೊಟ್ಟು ಬಾಗಿಲಲ್ಲಿ ನಿಂತವರು ಅವರೇ. ಓದಿದ್ದು ಸಾಕು, ತಪ್ಪಾಯಿತು ಅಣ್ಣಾ ಎಂದು ಒಳಗೆ ಕರಿ.