ದನಿ ನಿಂತ ಮನೆ

ನಿಮ್ಮ ಲೆಕ್ಕದ ೨೨೩೧ನೆಯ ಇಸವಿ, ಎರಡನೆಯ ಬೇಸಿಗೆಯ ಸೋಮವಾರ, ನೆರಳೂರು.

ನನ್ನ ಅಜ್ಜಿಯ ಅಜ್ಜಿಗೂ ಹಿರಿಯಳಾದ, ಇನ್ನೂ ಮದುವೆಯಾಗದ ಹುಡುಗಿಗೆ, ಐವತ್ತು ವರ್ಷದ ಗುರುಸಿದ್ಧವ್ವನ ಶರಣು. ನಮ್ಮ ಮಾತು ನಿನಗೆ ವಿಚಿತ್ರವೆನಿಸಿದರೆ ಮನ್ನಿಸು. ನಾನು ಕಲಿತದ್ದು ಊರ ಶಾಲೆಯಲ್ಲಿ. ವಯಸ್ಸಿನಲ್ಲಿ ನೀನು ನನಗಿಂತ ಚಿಕ್ಕವಳಾದ್ದರಿಂದ ಏಕವಚನದಲ್ಲೇ ಬರೆಯುತ್ತೇನೆ.

ನಮ್ಮೂರನ್ನು ಬಿಸಿಲಿಗೆ ಮರೆಯಾಗಿ ದೊಡ್ಡ ಬಟ್ಟೆಯೊಂದು ಮುಚ್ಚಿದೆ. ಅದಕ್ಕೇ ಇದು ನೆರಳೂರು. ಮನೆಮನೆಗೆ ದನಿದೀಪವಿದೆ. ಸಂಜೆ ಅದನ್ನು ಹಚ್ಚಿದರೆ ದೂರದ ನೆಂಟರ ಮನೆಯ ಮಂಗಳಾರತಿ ನಮ್ಮ ಜಗಲಿಯಲ್ಲಿ ಕೇಳುತ್ತದೆ, ನಮ್ಮದು ಅವರಿಗೆ. ಹುಡುಗಿ ಒಪ್ಪಿಗೆಯಾದರೆ ಮೊದಲು ಎರಡೂ ಮನೆಯ ದೀಪಗಳನ್ನು ಕೂಡಿಸುತ್ತಾರೆ.

ಚನ್ನಮಲ್ಲ ನಾನು ಹರೆಯದಲ್ಲಿ ಮೆಚ್ಚಿದವನು. ಅವನ ತಾಯಿ ನಿಂಬೆವ್ವ ಮೊದಲ ಭೇಟಿಯಲ್ಲಿ ನನ್ನ ಉಡಿ ತುಂಬಿದರು, ದೀಪ ಕೂಡಿಸಿದರು. ಅವನ ತಂಗಿ "ವೈನೀ, ನಮ್ಮಣ್ಣ ಗೊರಕೆ ಹೊಡೀತಾನ, ಈಗ್ಲೇ ಹೇಳೀನಿ" ಎಂದು ನಗಿಸಿದ್ದಳು. ವಾರ ಕಳೆಯುವುದರೊಳಗೆ ಆ ಕಡೆಯ ದನಿ ನಿಂತಿತು. ನಾನು ಆರತಿ ಹಾಡುತ್ತಿದ್ದೆ, ಅತ್ತ ಯಾರೂ ದನಿಗೂಡಿಸುತ್ತಿರಲಿಲ್ಲ. ಮಾತಾಡಿಸಿದರೆ ತಂಗಿಯದು "ಹೂಂರಿ" ಅಷ್ಟೇ. ಅವನನ್ನು ಕೇಳಿದರೆ, "ಅವ್ವಗ ಕೆಮ್ಮು. ನೀ ತಲಿ ಕೆಡಿಸ್ಕೋಬ್ಯಾಡ" ಎಂದ.

ಯಾರಿಗಾದರೂ ವರ್ಷವಿಡೀ ಕೆಮ್ಮು ಇರುತ್ತದೆಯೇ? ಆದರೂ ನಾನು ನಂಬಿದೆ. ಕೂತದ್ದು ತಪ್ಪೇ, ನಕ್ಕದ್ದು ತಪ್ಪೇ ಎಂದು ನನ್ನನ್ನೇ ಕೆದಕಿಕೊಂಡೆ. ಸೋಮವಾರ ಉಪವಾಸ ಹಿಡಿದೆ, ಹೋಳಿಗೆ ಕಳಿಸಿದೆ. ಅವನು ಮಾತ್ರ ಮೊದಲಿನ ಹಾಗೆಯೇ ಬರುತ್ತಿದ್ದ, ಉಣ್ಣುತ್ತಿದ್ದ, ಕೈ ಹಿಡಿಯುತ್ತಿದ್ದ. ನಾನೂ ತಾಯಿಯೂ ಒಂದೇ ಕೋಣೆಯಲ್ಲಿ ಕೂರುವ ಮಾತು ಬಂದಾಗಲೆಲ್ಲ ಅವನಿಗೆ ಬೇರೆ ಕೆಲಸ ಬರುತ್ತಿತ್ತು. ಆ ಒಂದು ಗುರುತನ್ನು ನಾನು ಓದಲಿಲ್ಲ.

ಕೊನೆಗೆ ಹೇಳದೆ ಕೇಳದೆ ಅವರ ಮನೆಗೆ ಹೋದೆ. ನಿಂಬೆವ್ವ ನನ್ನ ಮುಖ ನೋಡಲಾರದೆ ಹೇಳಿದರು: "ಅವ ನಿನಗ ಹೇಳೇ ಇಲ್ಲೇನವ್ವಾ? ನೀ ಬಂದು ಹ್ವಾದ ಮರುದಿನಾನ ಈ ಮದುವಿ ಬ್ಯಾಡ ಅಂದಾನ. ನಾನೇ ತಿಳಿಸಿ ಹೇಳ್ತೀನಿ, ನೀವು ಸುಮ್ಮನಿರ್ರಿ ಅಂದ. ಒಳಗೊಂದು ಇಟಗೊಂಡು ಸೊಸಿ ಅಂತ ಹ್ಯಾಂಗ ಕರೀಲಿ?"

ಬಾಗಿಲಲ್ಲಿ ನಿಂತಿದ್ದ ಚನ್ನಮಲ್ಲ, "ನೀ ನೊಂದ್ಕೋತಿ ಅಂತ ಹೇಳ್ಲಿಲ್ಲ" ಎಂದ.

ನೋಯಿಸುವ ಕೆಲಸವನ್ನು ತಾಯಿಯ ಮುಖಕ್ಕೆ ಬಿಟ್ಟು, ಪ್ರೀತಿಯ ಹೆಸರನ್ನು ತಾನಿಟ್ಟುಕೊಂಡಿದ್ದ. ಬೇಸತ್ತು ನಾನೇ ದೂರವಾಗಲೆಂದು ಕಾಯುತ್ತಿದ್ದ.

ಎಲ್ಲ ಮನೆಯ ಮುನಿಸೂ ಹುಡುಗನ ಮನಸ್ಸಲ್ಲ, ಇದನ್ನೂ ಹೇಳಬೇಕು. ನನ್ನ ತಂಗಿಯ ಅತ್ತೆಯೂ ಮುಖ ತಿರುಗಿಸಿದ್ದಳು. ಆದರೆ ತಂಗಿಯ ಗಂಡ ಹೆಂಡತಿಯ ಪಕ್ಕದಲ್ಲೇ ನಿಂತು, "ಅವ್ವಾ, ಇವಳ ಮ್ಯಾಲಿನ ಸಿಟ್ಟು ಏನೈತಿ, ನನ್ನ ಮುಂದ ಹೇಳು" ಎಂದು ಜಗಳ ತೆಗೆದ. ಆ ಮುನಿಸು ಅತ್ತೆಯದು ಮಾತ್ರ ಎಂದು ಅಂದೇ ಗೊತ್ತಾಯಿತು.

ನಿನ್ನಲ್ಲಿ ನನ್ನದೊಂದೇ ಬೇಡಿಕೆ. ನೀನು ಮೆಚ್ಚಿದವನ ಮನೆಯವರು ತಣ್ಣಗಾದರೆ, ಅವರನ್ನು ಒಲಿಸಲು ಓಡಬೇಡ. ಅವನನ್ನು ಅವರ ಎದುರಿಗೇ ಕೂರಿಸಿ ಕೇಳು. ಆಗ ಅವನು ಎಲ್ಲಿ ನೋಡುತ್ತಾನೆ ಎಂಬುದನ್ನು ನೋಡು.

ನಿತ್ಯ ಪೂಜೆಯಲ್ಲಿ ಊರವರೆಲ್ಲರ ಒಳಿತು ಬೇಡುತ್ತೇನೆ. ನಾನು ಮೆಚ್ಚಿದ್ದವನ ಹೆಸರು ಮಾತ್ರ ಇನ್ನೂ ನಾಲಿಗೆಗೆ ಬರುವುದಿಲ್ಲ. ಅದನ್ನು ಶಿವನೇ ನೋಡಿಕೊಳ್ಳಲಿ.